ಅತಿ ಜರೂರು: ಫೋಟೋದಲ್ಲಿರುವ ಲೆಕ್ಕ ಕೂಡಿಸಿ ಕೊಡುವುದು

ಸಂಜೆ 4.45ಕ್ಕೆ ತಾಲ್ಲೂಕಿನ ವಾಟ್ಸಾಪ್ ಗ್ರೂಪಿಗೆ ಒಂದು ಚಿತ್ರ ಬಂದು ಬೀಳುತ್ತದೆ. ಅದರಡಿಯಲ್ಲಿ ಆಜ್ಞೆ: "ಗ್ರಾಮ ಪಂಚಾಯಿತಿವಾರು ಡಿಸಿಬಿ ಪರಿಶೀಲಿಸಿ, ವ್ಯತ್ಯಾಸ ಸರಿಪಡಿಸಿ, 5.30ರೊಳಗೆ ಎಕ್ಸೆಲ್‌ನಲ್ಲೇ ಸಲ್ಲಿಸುವುದು. ತಪ್ಪಿದಲ್ಲಿ ತಾವೇ ಹೊಣೆ." ಡಿಸಿಬಿ ಎಂದರೆ ಬೇಡಿಕೆ, ವಸೂಲಿ, ಬಾಕಿಗಳ ಪಟ್ಟಿ. ಕೇಳುವುದು ಎಕ್ಸೆಲ್, ಕೊಡುವುದು ಸ್ಕ್ರೀನ್‌ಶಾಟ್. ಕಳುಹಿಸಿದವರ ಮುಂದೆ ಫೈಲು ತೆರೆದೇ ಇದೆ. ಚಿತ್ರದ ನಡುವೆ ಒಂದು ಚೌಕಕ್ಕೆ ಹಸಿರು ಅಂಚು ಕಾಣುತ್ತಿದೆಯಲ್ಲ, ಅದೇ ಸಾಕ್ಷಿ. ಆದರೆ "ಫೈಲು ಕಳಿಸಿ ಸರ್" ಎನ್ನುವವರು ಗ್ರೂಪಿನಲ್ಲಿ ಯಾರೂ ಇಲ್ಲ. "ಓಕೆ ಸರ್", "ನೋಟೆಡ್ ಮೇಡಂ" ಎನ್ನುವವರಿಗೆ ಬರವಿಲ್ಲ.

ಇರಲಿ, ಕೆಲಸಕ್ಕೆ ಬರೋಣ. ಮೊದಲು ಚಿತ್ರವನ್ನು ಕಣ್ಣಿಂದ ನೋಡಬೇಕು, ಕತ್ತರಿ ಆಮೇಲೆ. ಎಡಗಡೆಯ ಸಾಲು ಸಂಖ್ಯೆಗಳು 6, 7, 8 ಆದ ಮೇಲೆ 11ಕ್ಕೆ ಹಾರಿವೆಯೇ? ಅವು ನೀಲಿ ಬಣ್ಣದಲ್ಲಿವೆಯೇ? ಹಾಗಿದ್ದರೆ ಫಿಲ್ಟರ್ ಹಾಕಿದ್ದಾರೆ, 2 ಪಂಚಾಯಿತಿಗಳು ಚಿತ್ರದೊಳಗೆ ಬರಲೇ ಇಲ್ಲ. ಎಲ್ಲಾದರೂ ##### ಇದ್ದರೆ ಕಾಲಮ್ಮಿನ ಅಗಲ ಸಾಲದೆ ಅಂಕಿ ಮುಚ್ಚಿಹೋಗಿದೆ ಎಂದರ್ಥ. ಫೈಲಿನಲ್ಲಾದರೆ ಕಾಲಮ್ ಎಳೆದರೆ ಮುಗಿಯಿತು. ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ##### ದಪ್ಪವಾಗುತ್ತದೆಯೇ ಹೊರತು ಅಂಕಿ ಹೊರಬರುವುದಿಲ್ಲ.

ಇನ್ನು ಪರಿವರ್ತನೆ. ಸಾಲು ಸಂಖ್ಯೆ, ಎ-ಬಿ-ಸಿ ಅಕ್ಷರಗಳ ಪಟ್ಟಿ, ಕೆಳಗಿನ ಟಾಸ್ಕ್‌ಬಾರ್ ಎಲ್ಲವನ್ನೂ ಕತ್ತರಿಸಿ, ಕೋಷ್ಟಕವಷ್ಟನ್ನೇ ಉಳಿಸಿ ಕಾಪಿ ಮಾಡಿ. ಮೈಕ್ರೋಸಾಫ್ಟ್ 365ರ ಎಕ್ಸೆಲ್‌ನಲ್ಲಿ Data ಟ್ಯಾಬಿನ From Picture ಒಳಗೆ Picture From Clipboard ಇದೆ. ಒತ್ತಿದರೆ ಬಲಗಡೆ ಒಂದು ಫಲಕ ತೆರೆದು, ತನಗೆ ಅನುಮಾನವಿರುವ ಚೌಕಗಳಿಗೆ ಬಣ್ಣ ಹಚ್ಚಿ ತೋರಿಸುತ್ತದೆ. ಅವನ್ನು ಒಂದೊಂದಾಗಿ ನೋಡಿ, ತಿದ್ದಿ, Insert Data ಕೊಡಬೇಕು. ಬಣ್ಣ ಹಚ್ಚದೇ ಇರುವುದೆಲ್ಲ ಸರಿ ಎಂದು ನಂಬಿದವರ ಪಾಡು ಮುಂದೆ ಬರುತ್ತದೆ. ಅಂದಹಾಗೆ, ಈ ಸೌಲಭ್ಯಕ್ಕೆ ಕನ್ನಡ ಓದಲು ಬರುವುದಿಲ್ಲ. ಪಂಚಾಯಿತಿಗಳ ಹೆಸರಿನ ಕಾಲಮ್ಮನ್ನು ಕೈಯಾರೆ ಟೈಪ್ ಮಾಡುವುದೇ ಲೇಸು. ಗೂಗಲ್ ಡ್ರೈವ್‌ಗೆ ಹಾಕಿ Google Docs ಮೂಲಕ ತೆರೆದರೆ ಕನ್ನಡವೇನೋ ಬರುತ್ತದೆ, ಆದರೆ ಕಾಲಮ್ಮುಗಳು ಒಂದರ ಮೇಲೊಂದು ಬಿದ್ದಿರುತ್ತವೆ.

ಈಗ ಹಾಳೆಯಲ್ಲಿ ಬೇಡಿಕೆ ಬಿ ಕಾಲಮ್ಮಿನಲ್ಲಿ, ವಸೂಲಿ ಸಿಯಲ್ಲಿ, ಬಾಕಿ ಡಿಯಲ್ಲಿದೆ. ಡಿಸಿಬಿಯ ದೊಡ್ಡ ಉಪಕಾರವೆಂದರೆ ಅದು ತನ್ನ ತಪ್ಪನ್ನು ತಾನೇ ಹಿಡಿದುಕೊಡುತ್ತದೆ: ಬೇಡಿಕೆಯಲ್ಲಿ ವಸೂಲಿ ಕಳೆದರೆ ಬಾಕಿ ಬರಲೇಬೇಕು. ಪಕ್ಕದ ಖಾಲಿ ಕಾಲಮ್ಮಿನಲ್ಲಿ ಇದನ್ನು ಬರೆದು ಕೆಳಗಿನವರೆಗೂ ಎಳೆಯಿರಿ:

```
=B2-C2-D2
```

ಎಲ್ಲ ಸಾಲಿನಲ್ಲೂ 0 ಬರಬೇಕು. ಬರುವುದಿಲ್ಲ. ಮೊದಲ ಪಂಚಾಯಿತಿಯ ಎದುರು #VALUE! ಎಂದಿರುತ್ತದೆ. ವಸೂಲಿ 3,10,750 ಎಂದಿದ್ದದ್ದು 3,1O,750 ಆಗಿದೆ. ನಡುವಿನದು ಸೊನ್ನೆಯಲ್ಲ, ಇಂಗ್ಲಿಷಿನ ಓ. ಎರಡನೆಯದರ ಎದುರು -7,00,000. ಬೇಡಿಕೆ 1,50,000 ಇರುವ ಊರು 7,96,400 ವಸೂಲಿ ಮಾಡಿದೆಯಂತೆ! ಆ ಪಿಡಿಒಗೆ ಸನ್ಮಾನ ಏರ್ಪಡಿಸುವ ಮೊದಲು ಚಿತ್ರ ನೋಡಿ: ಅಲ್ಲಿರುವುದು ₹96,400. ರೂಪಾಯಿ ಚಿಹ್ನೆಯನ್ನು 7 ಎಂದು ಓದಲಾಗಿದೆ. ಮೂರನೆಯದರ ಎದುರು 18,231.75. ಬಾಕಿ 18,250ರ ಅಲ್ಪವಿರಾಮ ಚುಕ್ಕಿಯಾಗಿ, 18.250 ಆಗಿ, ಇಡೀ ಊರಿನ ಬಾಕಿ ಹದಿನೆಂಟೂಕಾಲು ರೂಪಾಯಿಗೆ ಇಳಿದಿದೆ. ಪೈಸೆಯೇ ಇಲ್ಲದ ಲೆಕ್ಕದಲ್ಲಿ 75 ಪೈಸೆ ಕಂಡರೆ ಚುಕ್ಕಿಯ ಮೇಲೇ ಗುಮಾನಿ ಇಡಿ.

ಈ ಮೂರರಲ್ಲಿ ಓ ಸಾಧು ಪ್ರಾಣಿ, ಕೂಗಿ ಹೇಳುತ್ತದೆ. ಉಳಿದೆರಡು ಅಪ್ಪಟ ಸಂಖ್ಯೆಗಳ ವೇಷದಲ್ಲಿರುವುದರಿಂದ ಬಣ್ಣವೂ ಇಲ್ಲ, ಹಸಿರು ತ್ರಿಕೋನವೂ ಇಲ್ಲ. ಅವನ್ನು ಹಿಡಿಯುವುದು ಕಳೆಯುವ ಲೆಕ್ಕವೊಂದೇ, ತಿದ್ದುವುದು ಚಿತ್ರ ನೋಡಿ ಕೈಯಿಂದಲೇ. ಪಠ್ಯವಾಗಿ ಕುಳಿತವುಗಳಿಗೆ ಮಾತ್ರ ಸೂತ್ರ ಉಂಟು. ಓ ಅಕ್ಷರ, ನಮ್ಮ ಕಚೇರಿಗಳ ಪ್ರೀತಿಯ /- ಬಾಲ, ಅಲ್ಪವಿರಾಮ, ಮತ್ತು TRIM ಹಾಕಿದರೂ ಜಗ್ಗದ CHAR(160) ಎಂಬ ಜಾತಿಯ ಖಾಲಿ ಜಾಗ, ನಾಲ್ಕನ್ನೂ ಒಟ್ಟಿಗೆ ತೊಳೆಯಬಹುದು:

```
=VALUE(SUBSTITUTE(SUBSTITUTE(SUBSTITUTE(SUBSTITUTE(UPPER(C2),"O","0"),"/-",""),",",""),CHAR(160),""))
```

ಬಂದ ಉತ್ತರಗಳನ್ನು ಕಾಪಿ ಮಾಡಿ, ಹಳೆಯ ಕಾಲಮ್ಮಿನ ಮೇಲೆ Paste Special ಮೂಲಕ Values ಆಗಿ ಅಂಟಿಸಿ. ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆಗಳ ಕಾಲಮ್ಮಿಗೆ ಈ ಸ್ನಾನ ಬೇಡ. ಅವು ಪಠ್ಯವಾಗಿಯೇ ಇರಬೇಕಾದವು. ಸಂಖ್ಯೆ ಮಾಡಿದಿರೋ, ಆರಂಭದ ಸೊನ್ನೆಗಳು ಹಾರಿಹೋಗುತ್ತವೆ.

ಎಲ್ಲ ಸಾಲಿಗೂ 0 ಬಂದ ಮೇಲೂ ಸಂಭ್ರಮಪಡುವಂತಿಲ್ಲ. ಎಕ್ಸೆಲ್‌ಗೆ ಒಂದು ವಿಚಿತ್ರ ಸ್ವಭಾವವಿದೆ: ಪಠ್ಯವಾಗಿರುವ ಶುದ್ಧ ಅಂಕಿಯನ್ನು ಕೂಡು-ಕಳೆ ಚಿಹ್ನೆ ಎದುರಾದಾಗ ಸಂಖ್ಯೆ ಎಂದೇ ಒಪ್ಪಿಕೊಳ್ಳುತ್ತದೆ, SUM ಬಂದಾಗ ಮಾತ್ರ ಕಂಡೇ ಇಲ್ಲವೆನ್ನುತ್ತದೆ. ಹಾಗಾಗಿ ಸಾಲು ಸಾಲಿಗೂ ತಾಳೆಯಾಗಿ, ಕೊನೆಯ ಒಟ್ಟು ಮಾತ್ರ ಕಡಿಮೆ ಬರಬಹುದು. COUNT(C2:C25) ಕೊಡುವ ಉತ್ತರ ಅಷ್ಟೇ ಸಾಲುಗಳ COUNTAಗೆ ಸಮನಾಗಿದೆಯೇ ನೋಡಿ. COUNT ಎಣಿಸುವುದು ನಿಜವಾದ ಸಂಖ್ಯೆಗಳನ್ನಷ್ಟೇ.

ಅದೂ ಸರಿಹೋಯಿತು. ಆದರೂ ಚಿತ್ರದಡಿಯ ಒಟ್ಟು ಮೊತ್ತ ನಿಮ್ಮದಕ್ಕಿಂತ ಹೆಚ್ಚಿದೆ. ಅದು ಆ 9 ಮತ್ತು 10ನೇ ಸಾಲುಗಳ ಮಹಿಮೆ. ಈಗ ಫೋನ್ ಮಾಡದೆ ವಿಧಿಯಿಲ್ಲ.

"ಸರ್, ಫೈಲೇ ಕಳಿಸಿಬಿಟ್ರೆ..."

"ಅಯ್ಯೋ, ಮೊಬೈಲಲ್ಲಿ ಓಪನ್ ಆಗಲ್ಲ ಅಂತಾರಲ್ಲಪ್ಪ ಎಲ್ಲ. ನೋಡೋಕೆ ಸುಲಭ ಆಗ್ಲಿ ಅಂತ ಸ್ಕ್ರೀನ್‌ಶಾಟ್ ಹಾಕ್ದೆ. ತಗೊಳ್ಳಿ, ಕಳಿಸ್ತೀನಿ."

ಒಂದೇ ನಿಮಿಷಕ್ಕೆ ಫೈಲು ಬರುತ್ತದೆ. ತೆರೆದರೆ ವಸೂಲಿ ಕಾಲಮ್ಮಿನ ಅಂಕಿಗಳೆಲ್ಲ ಎಡಕ್ಕೆ ವಾಲಿವೆ, ಪ್ರತಿ ಚೌಕದ ಮೂಲೆಯಲ್ಲೂ ಹಸಿರು ತ್ರಿಕೋನ. ಫೈಲಿನಲ್ಲೂ ಎಲ್ಲ ಪಠ್ಯವೇ. ಯಾರೋ ಫಾರ್ಮ್ಯಾಟನ್ನು Number ಎಂದು ಬದಲಿಸಿಯೂ ಇದ್ದಾರೆ, ಆದರೆ ಒಳಗೆ ಕುಳಿತ ಪಠ್ಯ ಅಷ್ಟಕ್ಕೆ ಕದಲುವುದಿಲ್ಲ. ಕಾಲಮ್ ಆಯ್ದು Data ಟ್ಯಾಬಿನ Text to Columns ತೆರೆದು Finish ಒತ್ತಿದರೆ ಅಷ್ಟೂ ಸಂಖ್ಯೆಗಳಾಗುತ್ತವೆ. ಅದಕ್ಕೂ ಮುನ್ನ ಎರಡನೇ ಹಂತದಲ್ಲಿ Comma ಎದುರು ಟಿಕ್ ಇಲ್ಲದ್ದನ್ನು ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ 3,10,750 ಒಡೆದು 3, 10, 750 ಎಂದು ಮೂರು ಮನೆಗೆ ಹಂಚಿಹೋಗಿ, ಪಕ್ಕದ ಬಾಕಿ ಅಳಿಸಿಹೋದೀತು.

ಕಾಲಮ್ಮೇ ಪಠ್ಯವಾಗಿದ್ದರೆ SUM ಸೊನ್ನೆ ತೋರಿಸಬೇಕಿತ್ತಲ್ಲ, ಚಿತ್ರದಲ್ಲಿ ಅಷ್ಟು ಚೆನ್ನಾದ ಒಟ್ಟು ಹೇಗೆ ಬಂತು? ಆ ಚೌಕದ ಮೇಲೆ ಕ್ಲಿಕ್ ಮಾಡಿ ಮೇಲಿನ ಸೂತ್ರಪಟ್ಟಿ ನೋಡಿ. =SUM ಇಲ್ಲ. ಕ್ಯಾಲ್ಕುಲೇಟರಿನಲ್ಲಿ ಕೂಡಿಸಿ ಟೈಪ್ ಮಾಡಿದ ಬರೀ ಅಂಕಿ, ಅದರ ಕೊನೆಗೊಂದು /-.