ಆಫೀಸಿನೊಳಗೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೂತ ನಾಲ್ಕು ವರ್ಷ

ನಾಲ್ಕು ವರ್ಷ ನಾನು ಆಫೀಸಿನೊಳಗೆ ಕಪ್ಪು ಕೂಲಿಂಗ್ ಗ್ಲಾಸ್ ಹಾಕಿಕೊಂಡೇ ಲೆಕ್ಕ ಬರೆದೆ. "ಏನ್ ಮೇಡಂ, ಇವತ್ತು ಶೂಟಿಂಗಾ?" ಅಂತ ಎಲ್ಲರೂ ಒಂದೊಂದು ಸಲ ಕೇಳಿ ಆಗಿತ್ತು. ಮೈಗ್ರೇನ್ ಇರುವವರಿಗೆ ನಾನು ಯಾಕೆ ಹಾಕಿಕೊಂಡಿದ್ದೆ ಅಂತ ಬಿಡಿಸಿ ಹೇಳಬೇಕಿಲ್ಲ. ತಲೆನೋವು ಇಲ್ಲದ ದಿನವೂ ತಲೆಯ ಮೇಲಿನ ಟ್ಯೂಬ್‌ಲೈಟ್ ಕಣ್ಣಿಗೆ ಸೂಜಿ ಹಾಕಿದ ಹಾಗೆ ಚುಚ್ಚುತ್ತಿತ್ತು. ಕಪ್ಪು ಗ್ಲಾಸ್ ಹಾಕಿದರೆ ಹಾಯ್ ಅನಿಸುತ್ತಿತ್ತು. ಅಷ್ಟೇ ಕಾರಣ.

ನನ್ನ ಬೆಳಕಿನ ಕಷ್ಟವನ್ನು ಅದೇ ಗ್ಲಾಸು ಜಾಸ್ತಿ ಮಾಡುತ್ತಿತ್ತು ಅಂತ ಗೊತ್ತಾಗಿದ್ದು ಹೋದ ವರ್ಷ, ಕಣ್ಣಿನ ಡಾಕ್ಟರ್ ಹೇಳಿದ ಮೇಲೆ. ಮಧ್ಯಾಹ್ನ ಮ್ಯಾಟಿನಿ ನೋಡಿ ಥಿಯೇಟರಿನ ಹೊರಗೆ ಕಾಲಿಟ್ಟಾಗ ಕಣ್ಣು ಕುಕ್ಕುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಕತ್ತಲಲ್ಲಿ ಎರಡು ಗಂಟೆ ಕೂತ ಕಣ್ಣು ಇದ್ದಬದ್ದ ಬೆಳಕನ್ನೆಲ್ಲ ಹಿಡಿಯುವಷ್ಟು ಚುರುಕಾಗಿರುತ್ತದೆ. ಒಳಗಡೆಯೂ ದಿನಾ ಎಂಟು ಗಂಟೆ ಕಪ್ಪು ಗ್ಲಾಸ್ ಹಾಕಿದರೆ ಕಣ್ಣಿಗೆ ಯಾವಾಗಲೂ ಥಿಯೇಟರ್ ಒಳಗಿದ್ದ ಹಾಗೇ. ಮನೆಗೆ ಬಂದು ಗ್ಲಾಸ್ ತೆಗೆದರೆ ದೇವರ ಮನೆಯ ಸಣ್ಣ ಬಲ್ಬ್ ಕೂಡ ಜೋರು. ಆಗ ಇನ್ನೂ ಕಪ್ಪು ಗ್ಲಾಸ್ ಬೇಕು ಅನಿಸುತ್ತದೆ. ನಾನು ಮೂರು ಸಲ ಗ್ಲಾಸ್ ಬದಲಾಯಿಸಿದ್ದೆ, ಪ್ರತಿ ಸಲವೂ ಹಿಂದಿನದಕ್ಕಿಂತ ಕಪ್ಪಗಿನದು.

"ಹೊರಗೆ ಬಿಸಿಲಿಗೆ ಹಾಕಿಕೊಳ್ಳಿ, ಒಳಗೆ ಬೇಡ" ಅಂದರು ಡಾಕ್ಟರ್. ಒಂದೇ ದಿನಕ್ಕೆ ಬಿಡಲು ಆಗಲಿಲ್ಲ. ಮೊದಲ ವಾರ ಸಂಜೆ ಮನೆಯಲ್ಲಿ ಮಾತ್ರ ತೆಗೆದಿಟ್ಟೆ. ಆಮೇಲೆ ಆಫೀಸಿನಲ್ಲಿ ಬೆಳಗಿನ ಒಂದು ಗಂಟೆ, ಆಮೇಲೆ ಊಟದವರೆಗೆ. ಮೂರು ವಾರ ಹಿಡಿಯಿತು. ಮೊದಲ ನಾಲ್ಕೈದು ದಿನ ನಿಜಕ್ಕೂ ಹಿಂಸೆ, ಸುಳ್ಳು ಹೇಳಲ್ಲ.

ಅವತ್ತೇ ಡಾಕ್ಟರ್ ಇನ್ನೊಂದು ಪರೀಕ್ಷೆ ಮಾಡಿದರು. ಕೆಳರೆಪ್ಪೆಯೊಳಗೆ ಒಂದು ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕಣ್ಣು ಮುಚ್ಚಿ ಕೂರಿಸಿದರು. ಪಟ್ಟಿ 6 ಮಿಲಿಮೀಟರ್ ಮಾತ್ರ ಒದ್ದೆಯಾಗಿತ್ತು. 10ಕ್ಕಿಂತ ಕಡಿಮೆ ಅಂದರೆ ಕಣ್ಣೀರು ಸಾಲದು ಅಂತ. ಕಣ್ಣು ಒಣಗಿದ್ದರೂ ಬೆಳಕು ಚುಚ್ಚುತ್ತದೆ, ಮೈಗ್ರೇನ್ ಇರುವ ಎಷ್ಟೋ ಜನರಿಗೆ ಇದೂ ಜೊತೆಗಿರುತ್ತದೆ. ನನ್ನ ಕಷ್ಟದಲ್ಲಿ ಒಂದು ಪಾಲು ಬರೀ ಕಣ್ಣಿನ ಹನಿಯಿಂದಲೇ ಇಳಿಯಿತು. ಮೈಗ್ರೇನಿಗೆ ಅಂತ ಮಾರುವ ಬಣ್ಣದ ಲೆನ್ಸಿಗೆ ದುಡ್ಡು ಹಾಕುವ ಮುಂಚೆ ಈ ಪರೀಕ್ಷೆ ಆಗಿರಲಿ. ಇನ್ನೊಂದು ಮಾತು. ಒಂದೇ ಕಣ್ಣು ಕೆಂಪಾಗಿ, ನೋವಾಗಿ, ಮಂಜಾಗಿ ಬೆಳಕು ತಡೆಯದೇ ಹೋದರೆ, ಅಥವಾ ಜ್ವರ, ಕತ್ತು ಬಿಗಿತದ ಜೊತೆ ಹೀಗಾದರೆ ಅದನ್ನು ಮೈಗ್ರೇನ್ ಅಂದುಕೊಂಡು ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

ಸರಿ, ಬೆಳಕಿಗೂ ತಲೆನೋವಿಗೂ ಏನು ಸಂಬಂಧ? 2010ರಲ್ಲಿ ಬಾಸ್ಟನ್ನಿನ ಸಂಶೋಧಕರು ಮೈಗ್ರೇನ್ ಇರುವ ಕುರುಡರನ್ನು ಪರೀಕ್ಷಿಸಿದರು. ಕಣ್ಣೇ ತೆಗೆಸಿಕೊಂಡವರಿಗೆ, ಕಣ್ಣಿನ ನರ ಪೂರ್ತಿ ಹೋದವರಿಗೆ ಬೆಳಕಿನಿಂದ ನೋವು ಹೆಚ್ಚಾಗಲಿಲ್ಲ. ಆದರೆ ಏನೂ ಸ್ಪಷ್ಟವಾಗಿ ಕಾಣದೆ, ಬೆಳಕಿದೆ ಅಂತ ಮಾತ್ರ ತಿಳಿಯುವವರಿಗೆ ನೋವು ಹೆಚ್ಚಾಯಿತು. ಅಂದರೆ ನೋಡುವುದಕ್ಕೆ ಬೇಕಾದ ಕೋಶಗಳು ಕೆಟ್ಟಿದ್ದರೂ ಈ ನೋವಿನ ದಾರಿ ಕೆಲಸ ಮಾಡುತ್ತಿತ್ತು. ಕಣ್ಣಿನ ಹಿಂದಿನ ಪರದೆಯಲ್ಲಿ ಮೆಲನಾಪ್ಸಿನ್ ಅನ್ನುವ ವಸ್ತು ಇರುವ ಕೆಲವು ಕೋಶಗಳಿವೆ. ಹಗಲೋ ರಾತ್ರಿಯೋ ಅಂತ ಮೆದುಳಿಗೆ ತಿಳಿಸುವುದು ಅವುಗಳ ಕೆಲಸ. ತಲೆನೋವಿನ ಸಂಕೇತ ಹೋಗಿ ಸೇರುವ ಮೆದುಳಿನ ಜಾಗಕ್ಕೇ ಇವುಗಳ ಎಳೆಗಳೂ ಹೋಗುತ್ತವೆ. ಈ ಕೋಶಗಳು ಜಾಸ್ತಿ ಕೆರಳುವುದು 480 ನ್ಯಾನೋಮೀಟರ್ ಸುತ್ತಮುತ್ತಲಿನ ಬೆಳಕಿಗೆ. ನೀಲಿಗೂ ಹಸಿರಿಗೂ ನಡುವಿನ ತಿಳಿ ನೀಲಿ ಅದು.

ಮೈಗ್ರೇನ್ ಜಗತ್ತಿನಲ್ಲಿ ಹೆಸರು ಮಾಡಿರುವ ಎಫ್ಎಲ್-41 ಲೆನ್ಸ್ ತಡೆಯುವುದು ಮುಖ್ಯವಾಗಿ ಇದೇ ಪಟ್ಟಿಯನ್ನು, 480ರಿಂದ 520ರವರೆಗೆ. ನೋಡಲು ಗುಲಾಬಿ. ದಾಳಿಂಬೆ ರಸ ಸ್ವಲ್ಪ ಬೆರೆಸಿದ ನೀರಿನ ಬಣ್ಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮೈಗ್ರೇನ್ ಇರುವ 20 ಮಕ್ಕಳಿಗೆ ನಾಲ್ಕು ತಿಂಗಳು ಬಣ್ಣದ ಕನ್ನಡಕ ಕೊಟ್ಟು ನೋಡಿದ ವರದಿ 1991ರಲ್ಲಿ ಬಂತು. ಕೆಲವರಿಗೆ ಗುಲಾಬಿ, ಕೆಲವರಿಗೆ ನೀಲಿ. ಮೊದಮೊದಲು ಎರಡೂ ಗುಂಪು ಸುಧಾರಿಸಿತು. ನಾಲ್ಕು ತಿಂಗಳು ಮುಗಿಯುವಷ್ಟರಲ್ಲಿ ಗುಲಾಬಿಯವರದು ಮಾತ್ರ ಉಳಿಯಿತು, ತಿಂಗಳಿಗೆ 6.2 ಸಲ ಬರುತ್ತಿದ್ದ ನೋವು 1.6ಕ್ಕೆ ಇಳಿಯಿತು. ಲೆನ್ಸ್ ಮಾರುವವರು ಈ ಅಂಕಿಯನ್ನೇ ಎತ್ತಿ ಹೇಳುವುದು. ನಾನೂ ಇದನ್ನು ಓದಿಯೇ ಆಸೆಪಟ್ಟೆ. ಆದರೆ ಇಪ್ಪತ್ತೇ ಮಕ್ಕಳು, ಅಲ್ವಾ? ಮಾತ್ರೆಯಾದರೆ ಸಕ್ಕರೆ ಗುಳಿಗೆ ಕೊಟ್ಟು ಗೊತ್ತಾಗದ ಹಾಗೆ ಹೋಲಿಸಬಹುದು. ಮೂಗಿನ ಮೇಲೆ ಕೂತ ಬಣ್ಣವನ್ನು ಮುಚ್ಚಿಡುವುದು ಹೇಗೆ? ಅಮೆರಿಕದ ಯೂಟಾದವರು 2016ರಲ್ಲಿ ಇನ್ನೊಂದು ಬಗೆಯ ಲೆನ್ಸ್ ಪರೀಕ್ಷಿಸಿದರು. ಒಂದು 480 ತಡೆಯುವುದು, ಹೋಲಿಕೆಗೆ ಇನ್ನೊಂದು 620 ತಡೆಯುವುದು. ಎರಡರಿಂದಲೂ ಜನಕ್ಕೆ ಅನುಕೂಲವಾಯಿತು, ಯಾವುದು ಮೇಲು ಅಂತ ಖಚಿತವಾಗಿ ಹೇಳಲು ಆಗಲಿಲ್ಲ. ಹಾಗಾಗಿ ನನ್ನ ಅಭಿಪ್ರಾಯ: ಇದು ಹಾಕಿ ನೋಡಬಹುದಾದ ವಸ್ತು, ನಂಬಿ ಕೂರುವ ಔಷಧಿಯಲ್ಲ.

ಕೊಳ್ಳುವಾಗ ನಾನು ಒಂದು ಸಲ ಮೋಸ ಹೋದೆ. ಮೋಸ ಅನ್ನುವುದಕ್ಕಿಂತ ಅಂಗಡಿಯವರಿಗೂ ಗೊತ್ತಿರಲಿಲ್ಲ. ನಾನು ಫೋನಿನಲ್ಲಿ ಫೋಟೋ ತೋರಿಸಿದೆ, "ಪಿಂಕ್ ಟಿಂಟ್ ತಾನೇ ಮೇಡಂ, ಮಾಡ್ಕೊಡ್ತೀವಿ" ಅಂದರು. ಪ್ಲಾಸ್ಟಿಕ್ ಲೆನ್ಸನ್ನು ಬಿಸಿ ಬಣ್ಣದ ನೀರಲ್ಲಿ ಅದ್ದಿ ತೆಗೆಯುತ್ತಾರೆ, ಫೋಟೋದ ಬಣ್ಣಕ್ಕೆ ಸರಿಹೊಂದುವವರೆಗೆ. ಸೀರೆಗೆ ಬ್ಲೌಸ್ ಪೀಸ್ ಮ್ಯಾಚ್ ಮಾಡಿದ ಹಾಗೆ. ಅಂಗಡಿ ಲೈಟಿನಲ್ಲಿ ಒಂದೇ ಬಣ್ಣ ಅನಿಸಿದ ಎರಡು ಬಟ್ಟೆ ಬಿಸಿಲಿಗೆ ಬಂದಾಗ ಬೇರೆ ಬೇರೆ ಕಾಣುವುದಿಲ್ಲವಾ? ಲೆನ್ಸಿನದೂ ಅದೇ ಕತೆ. ಕಣ್ಣಿಗೆ ಒಂದೇ ಗುಲಾಬಿ, ತಡೆಯುವ ಬೆಳಕು ಬೇರೆ. ಆ ಕನ್ನಡಕದಿಂದ ನನಗೆ ಏನೂ ಆಗಲಿಲ್ಲ. ಎರಡನೇ ಸಲ ಲೆನ್ಸಿನ ಗ್ರಾಫ್ ಕೊಟ್ಟರೆ ಮಾತ್ರ ತಗೊಳ್ತೀನಿ ಅಂದೆ. ಯಾವ ಬಣ್ಣದ ಬೆಳಕು ಎಷ್ಟು ಪಾಲು ದಾಟುತ್ತದೆ ಅಂತ ತೋರಿಸುವ ಗೆರೆ ಅದು. 480ರಿಂದ 520ರ ಹತ್ತಿರ ಗೆರೆ ಹಳ್ಳಕ್ಕೆ ಇಳಿದಿರಬೇಕು, ಆಚೆ ಕೆಂಪಿನ ಕಡೆ ಮೇಲೇರಿರಬೇಕು. ಎಲ್ಲ ಕಡೆ ಒಂದೇ ಸಮ ಕೆಳಗಿದ್ದರೆ ಅದು ಹೆಸರಿಗೆ ಗುಲಾಬಿ, ಕೆಲಸದಲ್ಲಿ ಕೂಲಿಂಗ್ ಗ್ಲಾಸ್. ಒಳಾಂಗಣಕ್ಕೆ ತೆಳು ಬಣ್ಣ, ಹೊರಗೆ ಗಾಢ, ಎರಡು ಬಗೆ ಸಿಗುತ್ತವೆ. ಆಫೀಸಿಗೆ ತೆಳುವಾದದ್ದೇ ಬೇಕು.

ಕಂಪ್ಯೂಟರಿಗೆ ಅಂತ ಮಾರುವ ಬಿಳಿ ಬ್ಲೂ ಕಟ್ ಲೆನ್ಸ್ ಇದಲ್ಲ. ಅದು ತಡೆಯುವುದು ಹೆಚ್ಚಾಗಿ 450ಕ್ಕಿಂತ ಕೆಳಗಿನದನ್ನು, ಅದೂ ಸ್ವಲ್ಪವೇ. 480ನ್ನು ಹೆಚ್ಚುಕಡಿಮೆ ಹಾಗೇ ಬಿಡುತ್ತದೆ.

ಇನ್ನು ಲೆನ್ಸಿಗಿಂತ ಮುಂಚೆ ನೋಡಬೇಕಾದ್ದು ತಲೆಯ ಮೇಲಿನ ದೀಪ. ನಮ್ಮ ಮನೆಗೆ ಬರುವ ಕರೆಂಟ್ 50 ಹರ್ಟ್ಸ್‌ನದು. ಹಳೆಯ ಚೋಕಿನ ಟ್ಯೂಬ್‌ಲೈಟ್ ಅದರಿಂದ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ನಮಗೆ ಕಾಣುವುದಿಲ್ಲ, ಆದರೆ ನರಗಳಿಗೆ ತಾಗುತ್ತದೆ. 1989ರಲ್ಲಿ ಇಂಗ್ಲೆಂಡಿನ ಒಂದು ಆಫೀಸಿನಲ್ಲಿ ಹಳೆ ಚೋಕನ್ನೂ ಎಲೆಕ್ಟ್ರಾನಿಕ್ ಚೋಕನ್ನೂ ಹೋಲಿಸಿ ನೋಡಿದಾಗ, ಎಲೆಕ್ಟ್ರಾನಿಕ್ ಇದ್ದಾಗ ವಾರದ ತಲೆನೋವು ಸರಾಸರಿ ಅರ್ಧಕ್ಕೆ ಇಳಿದಿತ್ತು. ಎಲ್ಇಡಿ ಬಂದ ಮೇಲೆ ಈ ಸಮಸ್ಯೆ ಹೋಯಿತು ಅಂದುಕೊಂಡಿದ್ದೆ. ಹೋಗಿಲ್ಲ. ಒಳಗೆ ಕರೆಂಟನ್ನು ಹದ ಮಾಡಿ ಕೊಡುವ ಡ್ರೈವರ್ ಕಳಪೆಯಾಗಿದ್ದರೆ ಎಲ್ಇಡಿಯೂ ಸೆಕೆಂಡಿಗೆ 100 ಸಲ ಮಿಣುಕುತ್ತದೆ.

ನೀವೇ ನೋಡಬಹುದು. ಫೋನಿನ ಕ್ಯಾಮೆರಾ ಸ್ಲೋ ಮೋಷನ್‌ಗೆ ಹಾಕಿ ದೀಪದ ಕಡೆ ಹಿಡಿದು ಐದು ಸೆಕೆಂಡ್ ವಿಡಿಯೋ ಮಾಡಿ. ನಮ್ಮ ಆಫೀಸಿನಲ್ಲಿ ನನ್ನ ಸಾಲಿನ ಆರು ಟ್ಯೂಬಿನಲ್ಲಿ ನಾಲ್ಕು ತಣ್ಣಗೆ ಉರಿಯುತ್ತಿದ್ದವು. ಎರಡು ದೀಪಾವಳಿ ಸರದ ಹಾಗೆ ಮಿಣುಕುತ್ತಿದ್ದವು. ಅದರಲ್ಲೊಂದು ಸರಿಯಾಗಿ ನನ್ನ ತಲೆಯ ಮೇಲೆ!

ಇಲ್ಲೇ ಲೆನ್ಸಿನ ಒಂದು ಮಿತಿ ಇದೆ. ಹಳೆ ಟ್ಯೂಬಿನ ಪುಡಿಯಲ್ಲಿ ನೀಲಿ ಬೆಳಕು ಥಟ್ಟನೆ ಆರುತ್ತಿತ್ತು, ಹಳದಿ ಕೆಂಪು ಬೆಳಕು ಸ್ವಲ್ಪ ಹೊತ್ತು ಉಳಿಯುತ್ತಿತ್ತು. ನೀಲಿ ತಡೆದರೆ ಮಿಣುಕೂ ಕಡಿಮೆಯಾಗುತ್ತಿತ್ತು. ಎಲ್ಇಡಿಯಲ್ಲಿ ಎಲ್ಲ ಬಣ್ಣವೂ ಹೆಚ್ಚುಕಡಿಮೆ ಒಟ್ಟಿಗೇ ಏರಿಳಿಯುತ್ತದೆ. ಗುಲಾಬಿ ಲೆನ್ಸ್ ಆ ಮಿಣುಕನ್ನು ತಡೆಯಲಾರದು. ಟ್ಯೂಬನ್ನೇ ಬದಲಿಸಬೇಕು.

ಎಲೆಕ್ಟ್ರಿಷಿಯನ್ ಅಣ್ಣನಿಗೆ ಕಾಫಿ ಕುಡಿಸಿ ನನ್ನ ಮೇಲಿನ ಟ್ಯೂಬ್ ಬಿಚ್ಚಿಸಿದೆ. ಇನ್ನೊಂದಕ್ಕೆ ಮಿಣುಕದ್ದನ್ನು ಹಾಕಿಸಿದೆ. ಮೇಜು ತಿರುಗಿಸಿ ಕಿಟಕಿ ಪಕ್ಕಕ್ಕೆ ಬರುವಂತೆ ಮಾಡಿಕೊಂಡೆ. ನಮ್ಮಲ್ಲಿ ಎಲ್ಲ ಕಡೆ ಹಾಕುವುದು 6500 ಕೆಲ್ವಿನ್‌ನ ನೀಲಿ ಬಿಳುಪು. ನಾನು 2700ರ ಹಳದಿ ಬಲ್ಬ್ ಹಾಕಿದ ಟೇಬಲ್ ಲ್ಯಾಂಪನ್ನು ಗೋಡೆ ಕಡೆ ತಿರುಗಿಸಿಟ್ಟೆ.

ಇದೆಲ್ಲ ಆದ ಮೇಲೆ ಲೆನ್ಸ್ ಪರೀಕ್ಷೆ. ಎಂಟು ವಾರ, ಒಂದು ವಾರ ಹಾಕುವುದು, ಒಂದು ವಾರ ಬಿಡುವುದು. ಡೈರಿಯಲ್ಲಿ ಎರಡೇ ವಿಷಯ: ತಲೆನೋವು ಬಂದ ದಿನ, ಮತ್ತು ಸ್ಕ್ರೀನ್ ಬಿಟ್ಟು ಕಣ್ಣು ಮುಚ್ಚಲೇಬೇಕಾದ ಮೊದಲ ಹೊತ್ತು. ಲೆನ್ಸ್ ಇಲ್ಲದ ವಾರಗಳಲ್ಲಿ ಆ ಹೊತ್ತು ಹನ್ನೊಂದೂವರೆ ಸುಮಾರಿಗೆ ಬರುತ್ತಿತ್ತು. ಲೆನ್ಸ್ ಇದ್ದಾಗ ಒಂದು ಗಂಟೆ ದಾಟುತ್ತಿತ್ತು. ತಲೆನೋವಿನ ದಿನಗಳು ಲೆನ್ಸ್ ಇಲ್ಲದ ನಾಲ್ಕು ವಾರದಲ್ಲಿ ಒಂಬತ್ತು, ಇದ್ದ ನಾಲ್ಕು ವಾರದಲ್ಲಿ ಎಂಟು. ಅದನ್ನು ವ್ಯತ್ಯಾಸ ಅಂತ ನಾನು ಕರೆಯಲ್ಲ. ನೋವು ಶುರುವಾದ ಮೇಲಂತೂ ಯಾವ ಬಣ್ಣವೂ ಲೆಕ್ಕಕ್ಕಿಲ್ಲ. ಆಗ ಹೊತ್ತಿಗೆ ಸರಿಯಾಗಿ ಮಾತ್ರೆ, ಕತ್ತಲ ಕೋಣೆ, ಅಷ್ಟೇ. ತಿಂಗಳಿಗೆ ಇಷ್ಟು ದಿನ ಬರುತ್ತಿದೆ ಅಂತ ಆ ಡೈರಿ ತೋರಿಸಿದ ಮೇಲೆಯೇ ನರರೋಗ ತಜ್ಞರು ತಡೆಗಟ್ಟುವ ಮಾತ್ರೆ ಶುರು ಮಾಡಿದ್ದು. ದಿನಗಳು ಕಡಿಮೆಯಾಗುತ್ತಿರುವುದು ಅದರಿಂದ.

ಹಾಗಂತ ನನಗೆ ಒಂದೂವರೆ ಗಂಟೆ ಸಣ್ಣದಲ್ಲ. ತಿಂಗಳ ಕೊನೆಯ ಲೆಕ್ಕ ಮುಗಿಸುವ ಹೊತ್ತು ಅದು. ಒಂದು ತೊಂದರೆಯೂ ಇದೆ. ಬಣ್ಣ ಏರುಪೇರಾಗುತ್ತದೆ. ಎಕ್ಸೆಲ್‌ನಲ್ಲಿ ಆಫೀಸಿನವರೊಬ್ಬರು ತಿಳಿ ನೀಲಿ ಬಳಿದಿದ್ದ ಸಾಲನ್ನು ನಾನು ಬೂದು ಅಂದುಕೊಂಡು ಬಿಟ್ಟುಬಿಟ್ಟೆ, ಒಂದು ಬಿಲ್ ತಪ್ಪಿತು. ಈಗ ಬಣ್ಣ ನೋಡುವ ಕೆಲಸಕ್ಕೆ ತೆಗೆದಿಡುತ್ತೇನೆ. ರಾತ್ರಿ ಸ್ಕೂಟರ್ ಓಡಿಸುವಾಗ ಹಾಕುವುದೇ ಇಲ್ಲ.

ಹೋದ ವಾರ ಹೊಸದಾಗಿ ಸೇರಿದ ಹುಡುಗ ನನ್ನ ತಲೆಯ ಮೇಲೆ ನೋಡಿ, "ಮೇಡಂ, ನಿಮ್ಮ ಟ್ಯೂಬ್ ಹೋಗಿದೆ, ಕಂಪ್ಲೇಂಟ್ ಕೊಡ್ಲಾ?" ಅಂದ. ಬೇಡಪ್ಪಾ, ಹಾಗೇ ಇರ್ಲಿ ಅಂದೆ.