ತಮ್ಮನ ಮಾತು, ನನ್ನ ಇಂಗ್ಲಿಷ್

ಅಪ್ಪನ ಆಸ್ತಿಯ ಪಾಲಿನ ಬಗ್ಗೆ ನನ್ನ ತಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಬರೆದ ನಾಲ್ಕು ವಾಕ್ಯಗಳನ್ನು ಇಂಗ್ಲಿಷಿಗೆ ತರುವ ಕೆಲಸ ಕಳೆದ ವಾರ ನನ್ನ ಪಾಲಿಗೆ ಬಂತು. ನಮ್ಮ ವಕೀಲರಿಗೆ ಕನ್ನಡ ಓದಲು ಬರುವುದಿಲ್ಲ. ಅರ್ಧ ಗಂಟೆಯ ಕೆಲಸವೆಂದುಕೊಂಡಿದ್ದೆ, ಆದರೆ ಎರಡು ದಿನ ಹಿಡಿಯಿತು.

ತಮ್ಮ ಬರೆದದ್ದು ಇಷ್ಟು: "ಅಮ್ಮನ ಪಾಲು ತೆಗೆದು ಉಳಿದದ್ದರಲ್ಲಿ ನನಗೆ ಮೂರನೇ ಒಂದು ಭಾಗ ಬರಬೇಕು. ಸೈಟನ್ನು ಅಪ್ಪ ತಂಗಿ ಹೆಸರಿಗೆ ಬರೆದಿದ್ದಾರಂತೆ. ಮೇಲಿನ ಮಹಡಿ ನನಗೆ ಕೊಟ್ಟರೆ ಸೈಟಿನಲ್ಲಿ ನನ್ನದೇನಿದೆಯೋ ಅದನ್ನು ಬಿಟ್ಟುಕೊಡ್ತೀನಿ. ಅದಕ್ಕೆ ಅಕ್ಕನೂ ಒಪ್ಪಿದ್ದಾಳೆ."

ಮೊದಲ ವಾಕ್ಯವನ್ನು ನಾನು ಅವಸರದಲ್ಲಿ "ಆಸ್ತಿಯಲ್ಲಿ ಮೂರನೇ ಒಂದು ಭಾಗ ಕೇಳುತ್ತಿದ್ದಾನೆ" ಎಂಬರ್ಥ ಬರುವಂತೆ ಬರೆದುಬಿಟ್ಟಿದ್ದೆ. ಇಡೀ ಆಸ್ತಿಯನ್ನು ಹನ್ನೆರಡು ಪಾಲೆಂದು ಇಟ್ಟುಕೊಂಡು ನೋಡಿದಾಗ ತಪ್ಪು ಕಣ್ಣಿಗೆ ಬಿತ್ತು. ಅಮ್ಮನಿಗೆ ಮೂರು ಪಾಲು ಹೋದರೆ ಉಳಿದ ಒಂಬತ್ತರಲ್ಲಿ ತಮ್ಮನಿಗೆ ಮೂರು, ಅಮ್ಮನಿಗೆ ಆರು ಹೋದರೆ ಅವನಿಗೆ ಎರಡೇ. ನನ್ನ ಇಂಗ್ಲಿಷಿನಲ್ಲಿ ಮಾತ್ರ ಅದು ಯಾವಾಗಲೂ ನಾಲ್ಕು. ಹಾಗೆಂದು ನಾನೇ ಲೆಕ್ಕ ಹಾಕಿ "ನಾಲ್ಕನೇ ಒಂದು" ಎಂದು ಬರೆಯುವಂತೆಯೂ ಇರಲಿಲ್ಲ, ಏಕೆಂದರೆ ಅಮ್ಮನ ಪಾಲು ಎಷ್ಟೆಂದು ತಮ್ಮ ಎಲ್ಲಿಯೂ ಹೇಳಿಲ್ಲ. ಆದ್ದರಿಂದ ತೆಗೆಯುವುದು ಮೊದಲು, ಭಾಗಿಸುವುದು ಆಮೇಲೆ ಎಂಬ ಅವನ ಕ್ರಮವನ್ನೇ ಇಂಗ್ಲಿಷಿನಲ್ಲೂ ಉಳಿಸಿದೆ. "ಬರಬೇಕು" ಎಂಬುದನ್ನು ಕಾನೂನಿನ ಹಕ್ಕಿನ ಭಾಷೆಗೆ ಏರಿಸದೆ, ತನಗೆ ಬರಬೇಕೆನ್ನುತ್ತಾನೆ ಎಂಬಷ್ಟಕ್ಕೇ ನಿಲ್ಲಿಸಿದೆ.

ಎರಡನೆಯ ವಾಕ್ಯದ ತೂಕವೆಲ್ಲ ಕೊನೆಯ "ಅಂತೆ"ಯಲ್ಲಿದೆ. ಸೈಟಿನ ಪತ್ರವನ್ನು ತಮ್ಮ ಕಂಡಿಲ್ಲ, ಕೇಳಿದ್ದನ್ನು ಹೇಳುತ್ತಿದ್ದಾನೆ. ಆ ಎರಡಕ್ಷರ ಬಿಟ್ಟುಹೋದರೆ, ಸೈಟು ತಂಗಿಗೆ ಹೋಗಿದೆಯೆಂದು ಅವನೇ ಒಪ್ಪಿಕೊಂಡಂತೆ ಇಂಗ್ಲಿಷಿನಲ್ಲಿ ಕಾಣುತ್ತದೆ, ಮತ್ತು ನಾಳೆ ಅದನ್ನೇ ಅವನ ವಿರುದ್ಧ ಎತ್ತಿ ತೋರಿಸಬಹುದು. "ಹಾಗೆಂದು ಕೇಳಿದ್ದೇನೆ" ಎಂಬರ್ಥದ ಮಾತನ್ನು ಸೇರಿಸಿದ ಮೇಲೆಯೇ ನನಗೆ ಸಮಾಧಾನವಾಯಿತು. ಇಲ್ಲಿ ಬರುವ "ತಂಗಿ"ಯನ್ನು ಬರೀ "ಸಿಸ್ಟರ್" ಎಂದರೆ ನಾನೋ ಅವಳೋ ತಿಳಿಯದು. ಹೀಗಾಗಿ ಎಲ್ಲ ಕಡೆಯೂ "ಯಂಗರ್ ಸಿಸ್ಟರ್", "ಎಲ್ಡರ್ ಸಿಸ್ಟರ್" ಎಂದೇ ಬರೆದೆ.

"ಬಿಟ್ಟುಕೊಡ್ತೀನಿ" ಎನ್ನುವಾಗ ನಮ್ಮ ಭಾಷೆ ಈಗಿನದ್ದನ್ನೂ ಮುಂದಿನದ್ದನ್ನೂ ಒಂದೇ ರೂಪದಲ್ಲಿ ಹೇಳುತ್ತದೆ. ಅದನ್ನು ವರ್ತಮಾನದಲ್ಲಿಟ್ಟು "ರಿಲಿಂಕ್ವಿಶ್" ಎಂಬ ಕಾನೂನಿನ ಪದವನ್ನು ಹಾಕಿದರೆ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಲು ಕುಳಿತವನ ಮಾತಿನಂತೆ ಕೇಳಿಸುತ್ತದೆ. ಅವನು ಹೇಳಿದ್ದು ಒಂದು ಷರತ್ತಿನ ಮೇಲೆ, ಮಹಡಿ ಕೊಟ್ಟರೆ ಮಾತ್ರ. ಹೀಗಾಗಿ ಷರತ್ತನ್ನು ವಾಕ್ಯದ ಆರಂಭದಲ್ಲೇ ಇಟ್ಟು, ಭವಿಷ್ಯತ್ಕಾಲದಲ್ಲಿ, "ಗಿವ್ ಅಪ್" ಎಂಬ ಸಾಮಾನ್ಯ ಪದವನ್ನೇ ಬಳಸಿದೆ. "ನನ್ನದೇನಿದೆಯೋ" ಎಂಬುದನ್ನೂ "ನನ್ನ ಪಾಲು" ಎಂದು ಗಟ್ಟಿಗೊಳಿಸಲಿಲ್ಲ, ಏಕೆಂದರೆ ಸೈಟಿನಲ್ಲಿ ತನಗೆ ಪಾಲಿದೆಯೋ ಇಲ್ಲವೋ ಎಂಬುದನ್ನು ಅವನು ಅಲ್ಲಿ ತೆರೆದೇ ಇಟ್ಟಿದ್ದಾನೆ.

ನನ್ನನ್ನು ಹೆಚ್ಚು ಕಾಡಿದ್ದು ನಾಲ್ಕನೆಯ ವಾಕ್ಯ. ನಾನು ಯಾವುದಕ್ಕೂ ಒಪ್ಪಿರಲಿಲ್ಲ. "ಅಕ್ಕ ಒಪ್ಪಿದ್ದಾಳೆಂದು ಇವನು ತಿಳಿದಿದ್ದಾನೆ" ಎಂದು ಸ್ವಲ್ಪ ತಿರುಗಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮತ್ತು ಅದೇ ನಿಜವೆಂದೂ ನನಗೆ ಅನ್ನಿಸುತ್ತಿತ್ತು. ಆದರೂ ಪಾಲುದಾರಳಾದ ನಾನು ಪಾಲುದಾರನ ಮಾತನ್ನು ಅನುವಾದಿಸುವಾಗ ನನ್ನ ತಕರಾರನ್ನು ಅವನ ಬಾಯಲ್ಲಿ ಆಡಿಸುವುದು ಅನ್ಯಾಯವೆಂದೇ ನಾನು ನಂಬಿದ್ದೇನೆ. ವಾಕ್ಯವನ್ನು ಇದ್ದಂತೆಯೇ ಬರೆದು, ನಾನು ಒಪ್ಪಿಲ್ಲವೆಂಬುದನ್ನು ಬೇರೊಂದು ಕಾಗದದಲ್ಲಿ ನನ್ನ ಸಹಿಯೊಂದಿಗೆ ವಕೀಲರಿಗೆ ಕೊಟ್ಟೆ. ಅನುವಾದದ ತಲೆಯಲ್ಲೇ, ಇದನ್ನು ಮಾಡಿದವಳು ಅದೇ ಆಸ್ತಿಯಲ್ಲಿ ಪಾಲು ಕೇಳುವ ಅಕ್ಕ ಎಂದೂ ಬರೆದೆ.

ಅಲ್ಲಿಯ "ಅದಕ್ಕೆ" ಯಾವುದಕ್ಕೆ? ಮಹಡಿಯ ಮಾತಿಗೋ, ಮೂರನೇ ಒಂದು ಭಾಗಕ್ಕೋ? ಊಹಿಸದೆ, "ಟು ದಟ್" ಎಂದು ಅಸ್ಪಷ್ಟತೆಯನ್ನು ಹಾಗೆಯೇ ಉಳಿಸಿ, ಕೆಳಗೆ ಒಂದು ಟಿಪ್ಪಣಿ ಹಾಕಿ, ತಮ್ಮನನ್ನೇ ಕೇಳಿದೆ. "ಮಹಡಿ ವಿಷಯಕ್ಕೆ, ಅಕ್ಕ. ಆವತ್ತು ನೀನು ಸುಮ್ಮನಿದ್ದೆಯಲ್ಲ, ಒಪ್ಪಿದೆ ಅಂದುಕೊಂಡೆ" ಎಂದು ಉತ್ತರಿಸಿದ. ಆ ಉತ್ತರವನ್ನು ಮೂಲ ಸಂದೇಶದೊಳಗೆ ಬೆರೆಸದೆ, ಅದರ ದಿನಾಂಕದೊಂದಿಗೆ ಪ್ರತ್ಯೇಕವಾಗಿ ಅನುವಾದಿಸಿದೆ. ಕೊನೆಗೆ, ಮೂಲವನ್ನು ನೋಡದ ಗೆಳತಿಯೊಬ್ಬಳಿಂದ ನನ್ನ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತರಿಸಿ, ವಾಕ್ಯಕ್ಕೆ ವಾಕ್ಯ ಹೋಲಿಸಿ ನೋಡಿದೆ. "ಅಂತೆ" ಉಳಿದಿತ್ತು, "ಕೊಟ್ಟರೆ" ಉಳಿದಿತ್ತು, "ಉಳಿದದ್ದರಲ್ಲಿ" ಎಂಬುದೂ ಉಳಿದಿತ್ತು. ಮೂಲ ಸಂದೇಶದ ಸ್ಕ್ರೀನ್‌ಶಾಟ್ ಸಹಿತ ಎಲ್ಲವನ್ನೂ ವಕೀಲರಿಗೆ ಕಳಿಸಿ, ಅದರ ಪ್ರತಿಯನ್ನು ಅದೇ ದಿನ ತಮ್ಮನಿಗೂ ತಂಗಿಗೂ ಕಳಿಸಿದೆ.