ಒಂದೇ ರಾತ್ರಿಯಲ್ಲಿ ಹುಲಿಗಳೆಲ್ಲ ಸಣ್ಣವಾದವು

ಕಳೆದ ಅಷ್ಟಮಿಗೆ ಉಡುಪಿಯ ಒಂದು ಹುಲಿವೇಷ ತಂಡದ ಫೋಟೋ ತೆಗೆಯುವ ಕೆಲಸ ನನ್ನ ಸ್ಟುಡಿಯೋಗೆ ಸಿಕ್ಕಿತ್ತು. ಊದು ಪೂಜೆಯಿಂದ ಹಿಡಿದು ರಾತ್ರಿಯಿಡೀ ಬಣ್ಣ ಹಚ್ಚುವುದು, ವಿಟ್ಲಪಿಂಡಿ ದಿನ ರಥಬೀದಿಯ ಕುಣಿತ, ಎಲ್ಲ ಸೇರಿ 2,314 ಫೋಟೋ. ಪ್ರತಿ ಹುಲಿಗೂ 12x18 ಸೈಜಿನ ಒಂದೊಂದು ಪ್ರಿಂಟ್ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆ.

ತಂಡದ ಹುಡುಗರಿಗೆ ಅಷ್ಟು ಕಾಯುವ ತಾಳ್ಮೆ ಎಲ್ಲಿಂದ? ವಾಟ್ಸಾಪಿಗೆ ಬೇಗ ಹಾಕಿ ಅಂತ ಒಂದೇ ಸಮ ಫೋನು. ನನ್ನ ಅಕ್ಕನ ಮಗ ಬಿಸಿಎ ಎರಡನೇ ವರ್ಷ. ಸಂಜೆ ಸ್ಟುಡಿಯೋಗೆ ಬಂದು ಕೈಜೋಡಿಸುತ್ತಾನೆ. "ಮಾವ, ಎಲ್ಲವನ್ನೂ ಒಟ್ಟಿಗೆ ಸಣ್ಣ ಮಾಡಲಿಕ್ಕೆ ಸ್ಕ್ರಿಪ್ಟ್ ಬರೆದರೆ ಆಯ್ತು. ರಾತ್ರಿ ಹಾಕಿ ಬಿಟ್ಟರೆ ಬೆಳಿಗ್ಗೆ ರೆಡಿ" ಅಂದ. ನನಗೂ ಖುಷಿಯೇ ಆಯಿತು.

ಅವನು ಟೆಸ್ಟ್ ಮಾಡದೆ ಹಾಕಿದವನಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಈ ಕತೆ ಕೇಳಿದವರೆಲ್ಲ ಮೊದಲು ಕೇಳುವುದೇ "ಟೆಸ್ಟ್ ಮಾಡಿರಲಿಲ್ವಾ?" ಅಂತ. ಇಮೇಜ್‌ಮ್ಯಾಜಿಕ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಉಂಟು. ಅದರಲ್ಲಿ ಮೊದಲು ಒಂದೇ ಫೋಟೋಗೆ ಹೀಗೆ ಕೊಟ್ಟು ನೋಡಿದ:

```
magick IMG_0412.JPG -resize 1600x1600 -quality 75 sanna.JPG
```

ಚೆನ್ನಾಗಿ ಬಂತು. ಹಳೆಯದು ಹಾಗೇ ಇತ್ತು, ಪಕ್ಕದಲ್ಲಿ ಸಣ್ಣದೊಂದು ಹುಟ್ಟಿತು. ಆದರೆ ಸಾವಿರಾರು ಫೋಟೋಗೆ ಒಂದೊಂದಾಗಿ ಹೊಸ ಹೆಸರು ಕೊಡುವುದು ಯಾರು? ಹುಡುಕಿದಾಗ ಅದೇ ಸಾಫ್ಟ್‌ವೇರಿನಲ್ಲಿ `mogrify` ಸಿಕ್ಕಿತು. ಇದು ಒಂದು ಫೋಲ್ಡರಿನ ಎಲ್ಲ ಫೋಟೋಗಳನ್ನು ಒಟ್ಟಿಗೆ ತೆಗೆದುಕೊಳ್ಳುತ್ತದೆ. ಅಳತೆ, ಕ್ವಾಲಿಟಿ ಕೊಡುವ ರೀತಿಯೂ ಅದೇ. ಹಾಗಾಗಿ ಬ್ಯಾಚ್ ಫೈಲಿನಲ್ಲಿ ಹೀಗೆ ಬರೆದ:

```
cd /d D:\Ashtami
magick mogrify -resize 1600x1600 -quality 75 *.JPG
robocopy D:\Ashtami E:\Ashtami /MIR
```

ಮೊದಲ ಕಮಾಂಡಿಗೆ ಕೊನೆಯಲ್ಲಿ `sanna.JPG` ಅಂತ ಹೊಸ ಹೆಸರು ಕೊಟ್ಟಿದ್ದ. `mogrify`ಗೆ ಆ ಹೆಸರು ಬೇಡ. ಯಾಕೆ ಬೇಡ ಅಂದರೆ, ಅದು ಹಳೆ ಹೆಸರಿನಲ್ಲೇ ಬರೆಯುತ್ತದೆ, ಹಳೆ ಫೋಟೋ ಇದ್ದ ಜಾಗದಲ್ಲೇ. ಇದೇನೂ ಗುಟ್ಟಲ್ಲ, ಆ ಕಮಾಂಡಿನ ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದಿದೆ. ಆದರೆ ಪರದೆಯ ಮೇಲೆ "ಅಳಿಸಲಾ?" ಅಂತ ಒಂದು ಮಾತೂ ಕೇಳುವುದಿಲ್ಲ.

ಇದನ್ನೂ ಆ ಸಂಜೆ ಟೆಸ್ಟ್ ಮಾಡಿದ. ಡೆಸ್ಕ್‌ಟಾಪಿಗೆ ಹತ್ತು ಫೋಟೋ ಕಾಪಿ ಮಾಡಿಕೊಂಡು ಓಡಿಸಿದ. ಹತ್ತೂ ಸಣ್ಣವಾದವು, ಕ್ಲೀನಾಗಿ. ಹತ್ತು ಹಾಕಿದ್ದಕ್ಕೆ ಹತ್ತೇ ಉಳಿದಿದ್ದವು, ಇಪ್ಪತ್ತು ಆಗಿರಲಿಲ್ಲ. ಅದು ಅವನಿಗೆ ಹೊಳೆಯಲಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನಗೂ ಹೊಳೆಯಲಿಲ್ಲ. ಸಣ್ಣದು ಸರಿಯಾಗಿ ಬಂತಾ ಅಂತ ಇಬ್ಬರೂ ನೋಡಿದೆವು. ದೊಡ್ಡದು ಇನ್ನೂ ಉಂಟಾ ಅಂತ ಒಬ್ಬರೂ ನೋಡಲಿಲ್ಲ.

ರಾತ್ರಿ 11ಕ್ಕೆ ಹಾಕಿ ಮನೆಗೆ ಹೋದೆವು.

ಬೆಳಿಗ್ಗೆ ಅವನೇ ಮೊದಲು ಬಂದಿದ್ದ. ಲೆಕ್ಕ ಸರಿ ಇತ್ತು, 2,314. ಹೆಸರುಗಳೂ ಅವೇ. ಫೋಲ್ಡರ್ ಮಾತ್ರ 21 ಜಿಬಿ ಇದ್ದದ್ದು ಒಂದು ಜಿಬಿಯೂ ಇರಲಿಲ್ಲ. ನಾನು ಚಾ ಹಿಡಿದುಕೊಂಡು ಒಳಗೆ ಬಂದಾಗ ಕೇಳಿದ, "ಮಾವ, ಒರಿಜಿನಲ್ ಬೇರೆ ಎಲ್ಲಿಯಾದರೂ ಇಟ್ಟಿದ್ದೀರಾ?"

"ಎಂತ ಒರಿಜಿನಲ್ ಮಾರಾಯ, ಅಲ್ಲೇ ಉಂಟಲ್ಲ."

ಅವನು ಮಾತಾಡಲಿಲ್ಲ. ಒಂದು ಹುಲಿಯ ಮುಖ ತೆರೆದು ಜೂಮ್ ಮಾಡಿ ತೋರಿಸಿದ. ಹಳದಿ ಬಣ್ಣದ ಮೇಲೆ ಬ್ರಷ್ ಎಳೆದ ಗೆರೆಗಳು ಕಾಣಬೇಕಿದ್ದ ಕಡೆ ಚೌಕಚೌಕದ ಕಲೆಗಳು. 6000x4000 ಇದ್ದದ್ದು 1600x1067 ಆಗಿತ್ತು. 18 ಇಂಚಿಗೆ ಅದನ್ನು ಹಿಗ್ಗಿಸಿದರೆ ಇಂಚಿಗೆ 89 ಪಿಕ್ಸೆಲ್ ಸಿಗುತ್ತದೆ. ನಮಗೆ ಬೇಕಾದದ್ದು 300. 4x6 ಪ್ರಿಂಟಿಗೆ ಆಗುತ್ತದೆ, ಅಷ್ಟೇ.

ಬ್ಯಾಕಪ್? ಕೊನೆಯ ಸಾಲನ್ನು ಇನ್ನೊಮ್ಮೆ ನೋಡಿ. ಆ `robocopy` ಸಾಲು ನನ್ನದು. ದಿನಾ ರಾತ್ರಿ D ಡ್ರೈವಿನಲ್ಲಿ ಇದ್ದದ್ದನ್ನು E ಡಿಸ್ಕಿಗೆ ಕನ್ನಡಿಯಂತೆ ಇಳಿಸಲು ಮೂರು ವರ್ಷದಿಂದ ಅದನ್ನೇ ಬಳಸುತ್ತಿದ್ದೆ, ಅದಕ್ಕೆ ಬ್ಯಾಕಪ್ ಅಂತ ಹೆಸರಿಟ್ಟಿದ್ದೆ. ಕನ್ನಡಿಯ ಎದುರು ಸಣ್ಣ ಹುಲಿ ನಿಂತರೆ ಕಾಣುವುದೂ ಸಣ್ಣ ಹುಲಿಯೇ. ಬದಲಾದ ಪ್ರತಿಯೊಂದು ಫೈಲನ್ನೂ ಅದು ಬಹಳ ನಿಷ್ಠೆಯಿಂದ E ಡಿಸ್ಕಿಗೂ ಬರೆದಿತ್ತು.

D ಡ್ರೈವ್ ಎಸ್‌ಎಸ್‌ಡಿ. ಅಳಿಸಿದ ಜಾಗ ಇನ್ನು ಬೇಡ ಅಂತ ವಿಂಡೋಸ್ ಅದಕ್ಕೆ ಹೇಳಿಬಿಡುತ್ತದೆ, ಅದು ಒಳಗೊಳಗೇ ಖಾಲಿ ಮಾಡಿಕೊಳ್ಳುತ್ತದೆ. ಅಲ್ಲಿ ಆಸೆ ಇಡುವ ಹಾಗಿರಲಿಲ್ಲ. ಉಳಿದದ್ದು ಕ್ಯಾಮೆರಾದ ಎರಡು ಕಾರ್ಡ್. ಎರಡನ್ನೂ ಕಂಪ್ಯೂಟರಿಗೆ ಇಳಿಸಿದ ಮರುದಿನವೇ ನಾನು ಫಾರ್ಮ್ಯಾಟ್ ಮಾಡಿದ್ದೆ. ಒಂದರಲ್ಲಿ ಆಮೇಲೆ ಒಂದು ಸೀಮಂತದ ಕಾರ್ಯಕ್ರಮವನ್ನೂ ತೆಗೆದಿದ್ದೆ.

ಕ್ಯಾಮೆರಾದಲ್ಲಿ ಮಾಮೂಲಿ ಫಾರ್ಮ್ಯಾಟ್ ಮಾಡಿದರೆ ಪುಸ್ತಕದ ಪರಿವಿಡಿ ಹರಿದ ಹಾಗೆ, ಒಳಗಿನ ಹಾಳೆಗಳು ಅಲ್ಲೇ ಇರುತ್ತವೆ. ಲೋ ಲೆವೆಲ್ ಫಾರ್ಮ್ಯಾಟ್ ಒತ್ತಿದ್ದರೆ ಆ ಮಾತೂ ಇಲ್ಲ. ಹುಡುಗ ಫೋಟೋರೆಕ್ ಅಂತ ಇನ್ನೊಂದು ಉಚಿತ ಸಾಫ್ಟ್‌ವೇರ್ ತಂದ. ಅದು ಪರಿವಿಡಿ ನೋಡುವುದಿಲ್ಲ. ಕಾರ್ಡನ್ನು ಮೊದಲಿನಿಂದ ಓದುತ್ತಾ ಜೆಪೆಗ್ ಫೋಟೋ ಶುರುವಾಗುವ ಗುರುತು ಕಂಡಲ್ಲೆಲ್ಲ ಒಂದೊಂದು ಫೋಟೋ ಎತ್ತುತ್ತದೆ. ಒಂದು ನಿಯಮ ಮಾತ್ರ ಮೀರುವಂತಿಲ್ಲ: ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸಬಾರದು. ನಾವು ಬೇರೆ ಡಿಸ್ಕ್ ಕೊಟ್ಟೆವು.

ಮೊದಲ ಕಾರ್ಡಿನ 1,260 ಫೋಟೋಗಳೂ ಬಂದವು. ಸೀಮಂತ ತೆಗೆದ ಕಾರ್ಡಿನಿಂದ ಬಂದದ್ದು 327 ಮಾತ್ರ. ಮೇಲೆ ಬರೆದದ್ದರ ಅಡಿಯಿಂದ ಏನೂ ಏಳುವುದಿಲ್ಲ. ಬಂದವಕ್ಕೂ ಹಳೆ ಹೆಸರಿಲ್ಲ, `f0482176.jpg` ಥರದ ನಂಬರುಗಳು. ಆದರೆ ತೆಗೆದ ದಿನ, ಗಂಟೆ, ಸೆಕೆಂಡು ಪ್ರತಿ ಫೋಟೋದ ಒಳಗೇ ಇರುತ್ತದೆ. ಸಣ್ಣ ಫೋಟೋಗಳಲ್ಲೂ ಅದು ಉಳಿದಿತ್ತು. ಎರಡನ್ನೂ ಜೋಡಿಸಿ ಯಾವುದು ಸಿಕ್ಕಿತು, ಯಾವುದು ಇಲ್ಲ ಅಂತ ಅವನು ಪಟ್ಟಿ ಮಾಡಿದ. ಒಂದೇ ಸೆಕೆಂಡಿನಲ್ಲಿ ಐದಾರು ಕ್ಲಿಕ್ ಆದ ಕಡೆ ಕಣ್ಣಲ್ಲೇ ನೋಡಿ ಹೊಂದಿಸಬೇಕಾಯಿತು. ಎರಡು ದಿನ ಕಾಲೇಜಿಗೆ ಹೋಗಲಿಲ್ಲ. ಅಕ್ಕನಿಂದ ಬೈಗುಳ ನನಗೆ.

727 ಹೋದವು.

ಈಗ ಆ ಸಾಲನ್ನು ಹೀಗೆ ಬರೆಯುತ್ತೇವೆ. `-path` ಕೊಟ್ಟ ಫೋಲ್ಡರನ್ನು ಮೊದಲೇ ಮಾಡಿಟ್ಟಿರಬೇಕು:

```
magick mogrify -path D:\Sanna -resize 1600x1600 -quality 75 *.JPG
```

ಪ್ರಿಂಟ್ ಗಿರಾಕಿಯ ಕೈ ಸೇರುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡುವುದಿಲ್ಲ. ಎರಡು ಕಾರ್ಡ್ ಜಾಸ್ತಿ ತೆಗೆದುಕೊಂಡೆ. ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ, ವಯರ್ ಕಿತ್ತು ಬೀರುವಿನಲ್ಲಿ ಇಡುತ್ತೇನೆ. ವಯರ್ ಇಲ್ಲದ ಡಿಸ್ಕಿಗೆ ಯಾವ ಸ್ಕ್ರಿಪ್ಟೂ ಕೈ ಹಾಕುವುದಿಲ್ಲ ಅಲ್ವಾ?

ಗೊತ್ತಿರುವವರೊಬ್ಬರು "ಅವನನ್ನು ಇನ್ನು ಕಂಪ್ಯೂಟರ್ ಮುಟ್ಟಲು ಬಿಡಬೇಡಿ" ಅಂದರು. ನನಗೆ ಹಾಗೆ ಅನಿಸುವುದಿಲ್ಲ. ಅವನು ಬಿಟ್ಟದ್ದು ಒಂದು ಪದ. ಮೂರು ವರ್ಷ ಕನ್ನಡಿಯನ್ನು ಬ್ಯಾಕಪ್ ಅಂದುಕೊಂಡವನು ನಾನು. ಕಾರ್ಡ್ ಫಾರ್ಮ್ಯಾಟ್ ಮಾಡಿದವನೂ ನಾನೇ.

ತಂಡದ ಯಜಮಾನರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೋದ ಫೋಟೋಗಳಲ್ಲಿ ಒಬ್ಬ ಹುಡುಗ ರಥಬೀದಿಯಲ್ಲಿ ಹಲ್ಲಿನಿಂದ ಅಕ್ಕಿಮುಡಿ ಎತ್ತಿ ಹಿಂದಕ್ಕೆ ಎಸೆಯುವ ಫೋಟೋವೂ ಇತ್ತು. ಮುಡಿ ಗಾಳಿಯಲ್ಲಿ, ಅವನ ಕತ್ತಿನ ನರ ಉಬ್ಬಿದೆ. ಅದರ 4x6 ಪ್ರಿಂಟ್ ಕೊಟ್ಟು, ಹಣ ಬೇಡ ಅಂದೆ. ಆ ಹುಡುಗ ಫೋನ್ ತೆಗೆದು ತೋರಿಸಿದ. ಅದೇ ಫೋಟೋ ವಾಲ್‌ಪೇಪರ್ ಆಗಿತ್ತು, ವಾಟ್ಸಾಪಿನಲ್ಲಿ ನಾವೇ ಕಳಿಸಿದ್ದು.

"ಎಷ್ಟು ಕ್ಲಿಯರ್ ಉಂಟು ನೋಡಿ ಅಣ್ಣ" ಅಂದ.